ಎಂಟು ವರ್ಷದ ಮಗು, ಕಲಿಕೆಯ ವಿಡಿಯೊ: ಮಿತಿ ಇರಲಿ, ಆದರೆ ನಿಮಿಷದ ಲೆಕ್ಕ ಬೇಡ

ಎಂಟು ವರ್ಷದ ಮಗು ಕಾರ್ಟೂನಿಗೆ ಹಟ ಹಿಡಿದರೆ ಬೇಡ ಎನ್ನುವುದು ಕಷ್ಟವಲ್ಲ. ಅದೇ ಮಗು ಜ್ವಾಲಾಮುಖಿ ಹೇಗೆ ಸಿಡಿಯುತ್ತದೆ, ತಿಮಿಂಗಿಲ ನೀರಿನೊಳಗೆ ಉಸಿರು ಹೇಗೆ ಬಿಗಿಹಿಡಿಯುತ್ತದೆ, ರೈಲು ಹಳಿ ಹೇಗೆ ಬದಲಿಸುತ್ತದೆ ಎಂಬ ವಿಡಿಯೊ ಬೇಕೆಂದು ಕೇಳಿದಾಗ ಮಾತ್ರ ಅಪ್ಪ ಅಮ್ಮನಿಗೆ ಮಾತು ಹೊರಡುವುದಿಲ್ಲ. "ಕಲಿಯೋ ವಿಡಿಯೊ ತಾನೆ ನೋಡ್ತಿರೋದು" ಎಂದು ಫೋನ್ ಕೈಗೆ ಹೋಗುತ್ತದೆ. ಅರ್ಧ ಗಂಟೆ ಅಂದದ್ದು ಒಂದೂವರೆ ಗಂಟೆಯಾಗುತ್ತದೆ. ಜ್ವಾಲಾಮುಖಿಯಿಂದ ಶುರುವಾದದ್ದು ಯಾರೋ ಆಟಿಕೆಯ ಡಬ್ಬಿ ಬಿಚ್ಚುವ ವಿಡಿಯೊದಲ್ಲಿ ಬಂದು ನಿಂತಿರುತ್ತದೆ. ಫೋನ್ ಕಿತ್ತುಕೊಂಡರೆ ಅಳು, ಕೂಗಾಟ. ಆಗ ಮನೆಯಲ್ಲಿ ಯಾರಾದರೊಬ್ಬರು "ನಾಳೆಯಿಂದ ಫೋನೇ ಇಲ್ಲ" ಎಂದು ಘೋಷಿಸುತ್ತಾರೆ. ನಾಲ್ಕು ದಿನ ಹಾಗೇ ನಡೆಯುತ್ತದೆ. ಐದನೆಯ ದಿನ ಅಜ್ಜಿಯ ಫೋನು, ಇಲ್ಲವೇ ಪಕ್ಕದ ಮನೆಯ ಟಿವಿ.

ಇಂಥ ಮಗುವಿಗೆ ಪೂರ್ತಿ ನಿಷೇಧಕ್ಕಿಂತ ಮಿತಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಹೆಚ್ಚಿನ ಮನೆಗಳಲ್ಲಿ ಮಿತಿಯನ್ನು ಗಡಿಯಾರ ನೋಡಿ ಹಾಕುತ್ತಾರೆ. ಅದು ಸೋಲುತ್ತದೆ. ಸೋತ ಮೇಲೆ ಮಿತಿ ಎಂಬುದೇ ಪ್ರಯೋಜನವಿಲ್ಲ ಎಂದುಕೊಂಡು ನಿಷೇಧಕ್ಕೆ ಹಾರುತ್ತಾರೆ. ಇಷ್ಟು ನಿಮಿಷ ಎನ್ನುವ ಬದಲು ಇಷ್ಟು ವಿಡಿಯೊ ಎಂದು ಎಣಿಸಿ, ಆ ವಿಡಿಯೊಗಳನ್ನು ಮೊದಲೇ ಆರಿಸಿಟ್ಟರೆ ಜಗಳದ ಮುಕ್ಕಾಲು ಪಾಲು ಇಳಿಯುತ್ತದೆ. ಅದು ಹೇಗೆ ಎಂಬುದೇ ಈ ಲೇಖನ. ಇದರ ಜೊತೆಗೆ ಕೆಲವು ಹೊತ್ತು, ಕೆಲವು ಜಾಗಗಳಲ್ಲಿ ನಿಷೇಧ ಪೂರ್ತಿಯಾಗಿಯೇ ಇರಬೇಕು. ಅದನ್ನೂ ಹೇಳುತ್ತೇನೆ.

ಮೊದಲು ವೈದ್ಯರ ಮಾತು. ಭಾರತೀಯ ಮಕ್ಕಳ ತಜ್ಞರ ಸಂಘ 2021ರ ತನ್ನ ಮಾರ್ಗಸೂಚಿಯಲ್ಲಿ ಐದರಿಂದ ಹತ್ತು ವರ್ಷದ ಮಕ್ಕಳ ಪರದೆಯ ಸಮಯ ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ಇರಬೇಕು ಎನ್ನುತ್ತದೆ. ಎಂಟು ವರ್ಷದ ಮಗುವಿಗೆ ಫೋನ್ ತೋರಿಸಲೇಬಾರದು ಎಂದು ಅದು ಹೇಳುವುದಿಲ್ಲ. ಹಾಗೆಂದು ಎರಡು ಗಂಟೆ ಎಂಬುದು ಮಗುವಿಗೆ ದಿನವೂ ಸಲ್ಲಬೇಕಾದ ಪಾಲೂ ಅಲ್ಲ, ದಾಟಬಾರದ ಗೆರೆ ಅಷ್ಟೇ. ನಿದ್ದೆ, ಹೊರಗಿನ ಆಟ, ಮನೆಯವರ ಜೊತೆಗಿನ ಮಾತು ಇವನ್ನು ಪರದೆ ನುಂಗಬಾರದು ಎಂಬುದೇ ಆ ಗೆರೆಯ ಉದ್ದೇಶ. ಕೆಳಗಿನ ಕ್ರಮದಲ್ಲಿ ದಿನದ ಲೆಕ್ಕ ಅರ್ಧ ಗಂಟೆಯ ಒಳಗೇ ಮುಗಿಯುತ್ತದೆ.

ಪೂರ್ತಿ ನಿಷೇಧ ಯಾಕೆ ಬಹಳ ದಿನ ನಿಲ್ಲುವುದಿಲ್ಲ

ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಫ್ರೀಡ್‌ಮನ್ 1965ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನಮ್ಮ ಪ್ರಶ್ನೆಗೆ ಹತ್ತಿರದ್ದು, ಏಕೆಂದರೆ ಅದರಲ್ಲಿದ್ದವರು ಹೆಚ್ಚುಕಡಿಮೆ ಇದೇ ವಯಸ್ಸಿನ ಹುಡುಗರು. ಅವರ ಮುಂದೆ ಕೆಲವು ಆಟಿಕೆಗಳಿದ್ದವು. ಎಲ್ಲಕ್ಕಿಂತ ಆಕರ್ಷಕವಾದದ್ದು ಬ್ಯಾಟರಿಯಿಂದ ಓಡುವ ಒಂದು ರೋಬೊ. ಅರ್ಧ ಹುಡುಗರಿಗೆ "ಅದರ ಜೊತೆ ಆಡುವುದು ತಪ್ಪು, ಆಡಿದರೆ ನನಗೆ ಬಹಳ ಸಿಟ್ಟು ಬರುತ್ತದೆ, ಸುಮ್ಮನೆ ಬಿಡುವುದಿಲ್ಲ" ಎಂಬ ಅರ್ಥದಲ್ಲಿ ಗದರಿಸಿ ಹೇಳಲಾಯಿತು. ಉಳಿದವರಿಗೆ ಗದರಿಕೆಯಿಲ್ಲದೆ, ಅದರ ಜೊತೆ ಆಡುವುದು ತಪ್ಪು ಎಂದಷ್ಟೇ ಹೇಳಲಾಯಿತು. ದೊಡ್ಡವರು ಹೊರಗೆ ಹೋದಾಗ ಎರಡೂ ಗುಂಪಿನ ಹುಡುಗರು ಬಹುಪಾಲು ಮಾತು ಕೇಳಿದರು. ವ್ಯತ್ಯಾಸ ಕಂಡದ್ದು ವಾರಗಳು ಕಳೆದ ಮೇಲೆ. ಬೇರೆಯದೇ ನೆಪದಲ್ಲಿ ಬೇರೊಬ್ಬರು ಬಂದು, ಅದೇ ಆಟಿಕೆಗಳ ನಡುವೆ ಅವರನ್ನು ಬಿಟ್ಟಾಗ, ಗದರಿಸಿಕೊಂಡಿದ್ದವರಲ್ಲಿ ಹೆಚ್ಚಿನವರು ರೋಬೊವನ್ನೇ ಹಿಡಿದರು. ಮೆತ್ತಗೆ ಹೇಳಿಸಿಕೊಂಡಿದ್ದವರಲ್ಲಿ ಅದನ್ನು ಮುಟ್ಟಿದವರು ಸುಮಾರು ಮೂರರಲ್ಲಿ ಒಬ್ಬರು.

ಆ ಪ್ರಯೋಗ ಆಟಿಕೆಯದು, ಅದೂ ಹುಡುಗರದು ಮಾತ್ರ. ಫೋನಿಗೆ ಅದನ್ನು ಹಾಗೆಯೇ ಹೊಂದಿಸುವಂತಿಲ್ಲ. ಆದರೂ ಕಾರಣ ನಮ್ಮ ಮನೆಗೂ ಅನ್ವಯಿಸುತ್ತದೆ. ಹೆದರಿಕೆಯಿಂದ ಬಿಟ್ಟ ಮಗುವಿಗೆ ತಾನು ಯಾಕೆ ಬಿಟ್ಟೆ ಎಂದರೆ "ಅಪ್ಪ ಬೈತಾರೆ" ಎಂಬುದೊಂದೇ ಉತ್ತರ. ಅಪ್ಪ ಇಲ್ಲದ ಜಾಗದಲ್ಲಿ ಆ ಉತ್ತರಕ್ಕೆ ಬೆಲೆಯಿಲ್ಲ. ಹೆದರಿಕೆಯಿಲ್ಲದೆ ಬಿಟ್ಟ ಮಗು, ಇದು ನನಗೇ ಬೇಡ ಎಂದು ತನ್ನೊಳಗೇ ಒಂದು ಕಾರಣ ಕಂಡುಕೊಂಡಿರುತ್ತದೆ. ಆ ಕಾರಣ ಎಲ್ಲಿಗೆ ಹೋದರೂ ಅದರ ಜೊತೆಯೇ ಹೋಗುತ್ತದೆ.

ಇನ್ನು ಮನೆಯ ವಾಸ್ತವ ನೋಡಿ. ಶಾಲೆಯ ಹೋಂವರ್ಕ್ ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ. ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಇರುತ್ತದೆ, ಅದನ್ನು ದೀಕ್ಷಾ ಆ್ಯಪಿನಲ್ಲಿ ತೋರಿಸಿದರೆ ಪಾಠದ ವಿಡಿಯೊ ತೆರೆಯುತ್ತದೆ. ಹೀಗಿರುವಾಗ "ಪರದೆಯೇ ಇಲ್ಲ" ಎಂಬ ನಿಯಮವನ್ನು ಮೊದಲ ವಾರವೇ ನೀವೇ ಮುರಿಯಬೇಕಾಗುತ್ತದೆ. ದೊಡ್ಡವರು ಮುರಿದ ನಿಯಮವನ್ನು ಎಂಟು ವರ್ಷದ ಮಗು ಮರೆಯುವುದಿಲ್ಲ.

ಗಡಿಯಾರದ ಮಿತಿ ಎಲ್ಲಿ ಎಡವುತ್ತದೆ

ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟಿದ್ದೀರಿ. ಅದು ಹೊಡೆಯುವ ಹೊತ್ತಿಗೆ ವಿಡಿಯೊದಲ್ಲಿ ಲಾವಾ ಸಮುದ್ರಕ್ಕೆ ಇಳಿಯುತ್ತಿದೆ, ಆಮೇಲೆ ಏನಾಗುತ್ತದೆ ಎಂದು ಈಗಷ್ಟೇ ಕೇಳಿದ್ದಾರೆ. ಆ ಕ್ಷಣದಲ್ಲಿ ಫೋನ್ ಕೊಡು ಎಂದರೆ ಮಗು ಅಳುವುದು ಚಟದಿಂದಲ್ಲ. ಕಥೆಯ ನಡುವೆ ಎಬ್ಬಿಸಿದರೆ ದೊಡ್ಡವರೂ ಸಿಡುಕುತ್ತಾರೆ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಐದು ವರ್ಷದೊಳಗಿನ ಮಕ್ಕಳ ಮನೆಗಳಲ್ಲಿ ಪರದೆ ಬಿಡಿಸುವ ಹೊತ್ತಿನ ರಂಪಾಟವನ್ನೇ ಅಧ್ಯಯನ ಮಾಡಿದರು. ಅವರಿಗೆ ಕಂಡದ್ದು ಅಚ್ಚರಿಯ ಸಂಗತಿ. "ಇನ್ನೆರಡು ನಿಮಿಷ ಅಷ್ಟೇ" ಎಂದು ಮೊದಲೇ ಎಚ್ಚರಿಸಿದ ಸಂದರ್ಭಗಳಲ್ಲಿ ಗಲಾಟೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ವಿಡಿಯೊ ತಾನಾಗಿ ಮುಗಿದಾಗ, ಅಥವಾ ಅದು ದಿನಚರಿಯಲ್ಲಿ ನಿಲ್ಲಬೇಕಾದ ಜಾಗವೇ ಆಗಿದ್ದಾಗ ಮಕ್ಕಳು ಸುಲಭವಾಗಿ ಬಿಟ್ಟರು. ನಿಮ್ಮ ಮಗು ಅವರಿಗಿಂತ ದೊಡ್ಡದು, ಸಮಯ ಅರ್ಥವಾಗುವ ವಯಸ್ಸು. ಆದರೂ ಮುಕ್ತಾಯಕ್ಕೆ ಇರುವ ಬಲ ಎಂಟಕ್ಕೂ ಅಷ್ಟೇ. ಶಾಲೆಯಲ್ಲಿ ಗಂಟೆ ಹೊಡೆದಾಗ ಪಾಠ ಮುಗಿದಿದ್ದರೆ ಒಂದು ರೀತಿ, ಆಟದ ಕೊನೆಯ ಓವರಿನಲ್ಲಿ ಹೊಡೆದರೆ ಇನ್ನೊಂದು ರೀತಿ.

ಈ ಮುಕ್ತಾಯವನ್ನೇ ಯೂಟ್ಯೂಬ್ ಅಳಿಸಿಹಾಕುತ್ತದೆ. ಒಂದು ಮುಗಿಯುವ ಮೊದಲೇ ಮುಂದಿನದರ ಚಿತ್ರ ಮೂಲೆಯಲ್ಲಿ ಕಾಣಿಸುತ್ತದೆ, ಆಟೊಪ್ಲೇ ಇದ್ದರೆ ತಾನಾಗಿಯೇ ಓಡುತ್ತದೆ. ಮಗು ನಿಲ್ಲಿಸುವುದಿಲ್ಲ ಎಂದು ದೂರುತ್ತೇವೆ. ನಿಲ್ಲುವ ಜಾಗವೇ ಅಲ್ಲಿ ಉಳಿದಿರುವುದಿಲ್ಲ. ಅದನ್ನು ನಾವೇ ಮತ್ತೆ ಕಟ್ಟಿಕೊಡಬೇಕು.

ಒಂದರ ಹಿಂದೊಂದು ನೋಡಿದರೆ ಕಲಿಕೆ ಹೆಚ್ಚುವುದೆ?

ಪೋಷಕರು ಮಿತಿ ಸಡಿಲಿಸುವುದು ಹೆಚ್ಚಾಗಿ ಈ ನಂಬಿಕೆಯಿಂದ. ಕಲಿಕೆಯ ವಿಡಿಯೊ ಆದರೆ ಹೆಚ್ಚು ನೋಡಿದಷ್ಟೂ ಲಾಭ ಎನಿಸುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2018ರಲ್ಲಿ ದೊಡ್ಡವರ ಮೇಲೆ ಇದನ್ನು ಪರೀಕ್ಷಿಸಿದರು. ಪಾತ್ರೆಗಳ ಅಡಿಯಿಂದ ಮೇಜಿನ ಬಟ್ಟೆಯನ್ನು ಸರ್ರನೆ ಎಳೆಯುವ ಕಸರತ್ತಿನಂಥ ವಿಡಿಯೊಗಳನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ ಇಪ್ಪತ್ತು ಸಲ ತೋರಿಸಿದರು. ಹೆಚ್ಚು ಸಲ ನೋಡಿದವರಿಗೆ ತಮಗೆ ಬರುತ್ತದೆ ಎಂಬ ವಿಶ್ವಾಸ ಹೆಚ್ಚಿತು. ಮಾಡಲು ಕೊಟ್ಟಾಗ ಕೈಚಳಕ ಮಾತ್ರ ಹೆಚ್ಚಿರಲಿಲ್ಲ.

ಮಕ್ಕಳಲ್ಲೂ ಇದನ್ನೇ ಕಾಣುತ್ತೇವೆ. ಐದು ವಿಡಿಯೊ ನೋಡಿದ ಮಗುವಿಗೆ "ನಂಗೆ ಡೈನೋಸಾರ್ ಎಲ್ಲಾ ಗೊತ್ತು" ಎನಿಸುತ್ತದೆ. ಕೇಳಿದರೆ ಎರಡು ಹೆಸರು ಹೇಳಿ ನಿಲ್ಲುತ್ತದೆ. ನೋಡಿದ್ದು ತಲೆಯಲ್ಲಿ ಉಳಿಯುವುದು ಅದನ್ನು ಮತ್ತೆ ತನ್ನ ಮಾತಿನಲ್ಲಿ ಹೇಳುವಾಗ, ಬರೆಯುವಾಗ, ಕೈಯಿಂದ ಮಾಡುವಾಗ. ಒಂದು ವಿಡಿಯೊ ಮುಗಿದ ತಕ್ಷಣ ಇನ್ನೊಂದು ಬಂದರೆ ಆ ಅವಕಾಶವೇ ಇಲ್ಲ. ಹಾಗಾಗಿ ಕಡಿಮೆ ವಿಡಿಯೊ ಎಂಬುದು ಕಲಿಕೆಗೆ ಹಾಕಿದ ಕತ್ತರಿಯಲ್ಲ. ಮಗುವಿಗೂ ಇದನ್ನೇ ಹೇಳಿ: "ಎರಡೇ ನೋಡೋಣ, ಆದರೆ ಎರಡೂ ನೆನಪಿರಬೇಕು." ಇದು ಮಗು ಒಪ್ಪಬಹುದಾದ ಕಾರಣ.

ಮಾಡುವುದು ಹೇಗೆ

1. ಮೊದಲು ಅಳೆಯಿರಿ. ಮೂರು ದಿನ ಏನನ್ನೂ ಬದಲಿಸಬೇಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ Digital Wellbeing ಎಂಬಲ್ಲಿ ಯಾವ ಆ್ಯಪ್ ಎಷ್ಟು ಹೊತ್ತು ನಡೆಯಿತೆಂಬ ಲೆಕ್ಕ ಸಿಗುತ್ತದೆ. ನಿಮ್ಮದೇ ಫೋನನ್ನು ಮಗು ಬಳಸುತ್ತಿದ್ದರೆ ಕೊಟ್ಟ ಹೊತ್ತು, ತೆಗೆದುಕೊಂಡ ಹೊತ್ತು ಕ್ಯಾಲೆಂಡರಿನ ಮೇಲೆ ಗೀಚಿಡಿ. ಯೂಟ್ಯೂಬಿನ ಹಿಸ್ಟರಿ ತೆರೆದು ನೋಡಿದ್ದರಲ್ಲಿ ಕಲಿಕೆಯದು ಎಷ್ಟು, ಬೇರೆಯದು ಎಷ್ಟು ಎಂದೂ ಗಮನಿಸಿ. ಬಹಳ ಮನೆಗಳಲ್ಲಿ ಮೊದಲ ಎರಡು ವಿಡಿಯೊ ಮಾತ್ರ ಕಲಿಕೆಯದಾಗಿರುತ್ತವೆ.

2. ಭಾನುವಾರ ಪಟ್ಟಿ ಮಾಡಿ. ಇಡೀ ಕ್ರಮದಲ್ಲಿ ಇದೇ ಮುಖ್ಯ, ಇದಕ್ಕೆ ಮುಕ್ಕಾಲು ಗಂಟೆಯಾದರೂ ಕೊಡಿ. ವಿಷಯವನ್ನು ಮಗು ಆರಿಸಲಿ, ವಿಡಿಯೊವನ್ನು ನೀವು ಆರಿಸಿ. ಒಂದು ವಾರಕ್ಕೆ ಎರಡು ಅಥವಾ ಮೂರು ವಿಷಯ ಸಾಕು. ದಿನಕ್ಕೆ ಎರಡರಂತೆ ಆರು ದಿನಕ್ಕೆ ಹನ್ನೆರಡು ವಿಡಿಯೊ, ಒಂದೊಂದೂ ಹತ್ತು ಹನ್ನೆರಡು ನಿಮಿಷ ದಾಟದಿರಲಿ. ಏಳನೆಯ ದಿನ ಮತ್ತೆ ಪಟ್ಟಿ ಮಾಡುವ ದಿನ. ಆರಿಸುವಾಗ ಪ್ರತಿಯೊಂದರ ಮೊದಲ ಎರಡು ನಿಮಿಷ, ಕೊನೆಯ ಒಂದು ನಿಮಿಷ ನೀವೇ ನೋಡಿ. ಹೇಳಲು ಹೊರಟ ಒಂದು ವಿಷಯವನ್ನು ಮುಗಿಸುತ್ತದೆಯೇ? ದೃಶ್ಯಗಳು ಕಣ್ಣು ನಿಲ್ಲುವಷ್ಟು ಹೊತ್ತು ಇರುತ್ತವೆಯೇ, ಅಥವಾ ಕ್ಷಣಕ್ಕೊಮ್ಮೆ ಹಾರುತ್ತವೆಯೇ? ಕೊನೆಯಲ್ಲಿ "ಮುಂದಿನ ಭಾಗ ತಪ್ಪದೆ ನೋಡಿ" ಎಂದು ತೂಗುಹಾಕುತ್ತದೆಯೇ? ಹಾಗೆ ತೂಗುಹಾಕುವುದನ್ನು ಬಿಟ್ಟುಬಿಡಿ, ಅದು ಎಷ್ಟೇ ಚೆನ್ನಾಗಿದ್ದರೂ. ಮಗು ಮನೆಯಲ್ಲಿ ಕನ್ನಡ ಆಡುವುದಾದರೆ ಅರ್ಧವಾದರೂ ಕನ್ನಡದ ವಿಡಿಯೊ ಇರಲಿ. ಆಮೇಲೆ ಅದನ್ನು ಅಜ್ಜಿಗೆ ವಿವರಿಸಬೇಕಾದರೆ ಮಾತು ಬೇಕಲ್ಲ.

ಪಟ್ಟಿಯಲ್ಲಿ ಮೂರರಲ್ಲೊಂದಾದರೂ ನೋಡಿ ಮಾಡುವಂಥದ್ದು ಇರಲಿ. ಅರವಿಂದ ಗುಪ್ತ ಅವರ ಕಸದಿಂದ ಆಟಿಕೆ ಮಾಡುವ ಕಿರುಚಿತ್ರಗಳು ಇದಕ್ಕೆ ಹೇಳಿ ಮಾಡಿಸಿದಂಥವು. ಹೆಚ್ಚಿನವು ಒಂದೆರಡು ನಿಮಿಷದವು, ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತವೆ, ಬೇಕಾದ ಸಾಮಾನು ಮನೆಯಲ್ಲೇ ಇರುತ್ತದೆ.

3. ಫೋನನ್ನು ಸಜ್ಜುಗೊಳಿಸಿ. ಯೂಟ್ಯೂಬಿನಲ್ಲಿ Autoplay ಆಫ್ ಮಾಡಿ. ಹನ್ನೆರಡನ್ನೂ ಒಂದು ಪ್ಲೇಲಿಸ್ಟಿಗೆ ಸೇರಿಸಿಡಬಹುದು, ಆದರೆ ಪ್ಲೇಲಿಸ್ಟ್ ಒತ್ತಿ ಬಿಟ್ಟರೆ ಒಂದಾದ ಮೇಲೊಂದು ತಾನಾಗಿ ಬರುತ್ತದೆ. ಆ ದಿನದ್ದನ್ನು ಮಾತ್ರ ಬಿಡಿಯಾಗಿ ತೆರೆಯಿರಿ. ಮಗು ಒಂಟಿಯಾಗಿ ನೋಡಬೇಕಾದ ಮನೆಯಾದರೆ YouTube Kids ಆ್ಯಪ್ ಒಳ್ಳೆಯದು. ಅದರಲ್ಲಿ ಮಗುವಿನ ಪ್ರೊಫೈಲಿಗೆ Approve content yourself ಎಂಬುದನ್ನು ಆರಿಸಿದರೆ ನೀವು ಒಪ್ಪಿದ ವಿಡಿಯೊ, ಚಾನೆಲ್ ಮಾತ್ರ ಕಾಣುತ್ತವೆ, ಹುಡುಕುವ ಸೌಲಭ್ಯ ಮುಚ್ಚಿಹೋಗುತ್ತದೆ. ಇಡೀ ಚಾನೆಲ್ ಒಪ್ಪುವುದಕ್ಕಿಂತ ಒಂದೊಂದೇ ವಿಡಿಯೊ ಒಪ್ಪುವುದು ಲೇಸು.

4. ಜಾಗ, ಹೊತ್ತು ಗೊತ್ತುಮಾಡಿ. ನಡುಮನೆಯ ಟಿವಿ ಅಥವಾ ಮೇಜಿನ ಮೇಲಿನ ಲ್ಯಾಪ್‌ಟಾಪ್, ಕೈಯಲ್ಲಿ ಫೋನ್ ಬೇಡ. ಟಿವಿಯಾದರೆ ಕಣ್ಣಿಗೆ ದೂರ, ದೊಡ್ಡವರ ಕಿವಿಗೆ ಹತ್ತಿರ. ಹೊತ್ತನ್ನು ಗಡಿಯಾರಕ್ಕೆ ಕಟ್ಟುವ ಬದಲು ದಿನಚರಿಗೆ ಕಟ್ಟಿ: ಆಟದಿಂದ ಬಂದು ಕೈಕಾಲು ತೊಳೆದ ಮೇಲೆ, ರಾತ್ರಿಯ ಊಟಕ್ಕೆ ಮೊದಲು. ಹಾಗಾದರೆ ವಿಡಿಯೊ ಮುಗಿದ ಮೇಲೆ ಊಟ ಕಾದಿರುತ್ತದೆ. ಬಿಟ್ಟೇಳಲು ಅದೇ ಕಾರಣ.

5. ಎರಡು ವಿಡಿಯೊಗಳ ನಡುವೆ ಪರದೆ ಆರಲಿ. ಮೊದಲನೆಯದು ಮುಗಿದ ಮೇಲೆ ಮಗು ಏನು ನೋಡಿತೆಂದು ಯಾರಿಗಾದರೂ ಹೇಳಬೇಕು, ಇಲ್ಲವೇ ಚಿತ್ರ ಬರೆಯಬೇಕು. ಮೂರು ನಾಲ್ಕು ನಿಮಿಷ ಸಾಕು. ಇದು ಪರೀಕ್ಷೆಯಲ್ಲ. "ಲಾವಾ ಅಂದರೇನು ಹೇಳು" ಎಂದು ಕೇಳಬೇಡಿ. "ನಿನಗೆ ಗೊತ್ತಿಲ್ಲದ್ದು ಯಾವುದು ಬಂತು ಅದರಲ್ಲಿ?" ಎಂದು ಕೇಳಿ. ಮಗು ತಪ್ಪು ಹೇಳಿದರೆ ತಿದ್ದುವ ಬದಲು "ಇನ್ನೊಂದು ಸಲ ಅದೇ ಜಾಗ ನೋಡೋಣವಾ?" ಎನ್ನಿ. ಅದೇ ಜಾಗವನ್ನು ಮತ್ತೆ ನೋಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

6. ಆಫ್ ಮಾಡುವ ಗುಂಡಿ ಮಗುವೇ ಒತ್ತಲಿ. ಎರಡನೆಯದು ಮುಗಿದಾಗ, ಮುಂದಿನ ಚಿತ್ರಗಳು ತೆರೆಯ ಮೇಲೆ ಬರುವ ಮೊದಲೇ ಒತ್ತುವುದನ್ನು ಅಭ್ಯಾಸ ಮಾಡಿಸಿ. ನೀವು ಕಿತ್ತುಕೊಂಡದ್ದಕ್ಕೂ ಮಗು ತಾನೇ ಮುಗಿಸಿದ್ದಕ್ಕೂ ಬಹಳ ವ್ಯತ್ಯಾಸವಿದೆ.

ಒಂದು ಮನೆಯ ಎರಡು ವಾರ

ಇದು ನಡೆಯುವುದು ಹೇಗೆ ಎಂದು ಒಂದು ಮನೆಯನ್ನು ಕಲ್ಪಿಸಿಕೊಂಡು ನೋಡೋಣ. ಮೈಸೂರಿನ ಒಂದು ಬಡಾವಣೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಮೂರನೆಯ ತರಗತಿಯ ಮಗಳು ನಾಲ್ಕು ಗಂಟೆಗೆ ಮನೆಗೆ ಬರುತ್ತಾಳೆ. ಮನೆಯಲ್ಲಿ ಅಜ್ಜಿ. ತಿಂಡಿಯ ತಟ್ಟೆಯ ಜೊತೆಗೆ ಅಜ್ಜಿಯ ಫೋನ್ ಬರುತ್ತದೆ, ಆರು ಗಂಟೆಗೆ ಅಮ್ಮ ಬರುವವರೆಗೂ ಅದು ಕೈಯಲ್ಲೇ. ಅಳೆದರೆ ದಿನಕ್ಕೆ ಒಂದು ಗಂಟೆ ನಲವತ್ತು ನಿಮಿಷ. ಅದರಲ್ಲಿ ಪ್ರಾಣಿಗಳು, ಗ್ರಹಗಳು ಅರ್ಧ ಗಂಟೆಯಷ್ಟು, ಉಳಿದದ್ದು ತಾನಾಗಿ ಬಂದದ್ದು.

ಇಲ್ಲಿ ಮೊದಲ ಮಾತುಕತೆ ಮಗುವಿನ ಜೊತೆಯಲ್ಲ, ಅಜ್ಜಿಯ ಜೊತೆ. ಎರಡು ಗಂಟೆ ಮೊಮ್ಮಗಳನ್ನು ನೋಡಿಕೊಳ್ಳಬೇಕಾದವರು ಅವರು. ಫೋನ್ ತೆಗೆದರೆ ಆ ಹೊತ್ತು ಏನು ಮಾಡಿಸಬೇಕು ಎಂಬುದಕ್ಕೆ ಉತ್ತರ ಕೊಡದೆ "ಫೋನ್ ಕೊಡ್ಬೇಡಿ ಅಮ್ಮಾ" ಎಂದರೆ ಅದು ಅನ್ಯಾಯ. ತಿಂಡಿಯಾದ ಮೇಲೆ ಐದೂವರೆಯವರೆಗೆ ಬೀದಿಯ ಮಕ್ಕಳ ಜೊತೆ ಹೊರಗೆ ಆಟ. ಬಂದ ಮೇಲೆ ಟಿವಿಯಲ್ಲಿ ಮೊದಲ ವಿಡಿಯೊ, ಅಜ್ಜಿಯ ಜೊತೆ ಕೂತು. ಎರಡನೆಯದು ಅಮ್ಮ ಬಂದ ಮೇಲೆ. ನಡುವೆ ಅಜ್ಜಿಗೆ ಕಥೆ ಹೇಳುವ ಕೆಲಸ. ಅಜ್ಜಿಗೆ ನಿಜವಾಗಿಯೂ ಗೊತ್ತಿಲ್ಲದ ವಿಷಯವಾದರೆ ಇದು ಇನ್ನೂ ಚೆನ್ನ. ಶನಿಗ್ರಹದ ಬಳೆ ಯಾವುದರದ್ದು ಎಂದು ಅಜ್ಜಿ ಕೇಳಿದರೆ, "ಮಂಜುಗಡ್ಡೆ, ಕಲ್ಲು ಅಜ್ಜಿ" ಎಂದು ಮಗು ಹೆಮ್ಮೆಯಿಂದ ಹೇಳುತ್ತದೆ.

ಮೊದಲ ಎರಡು ದಿನ ಹೊಸತೆಂಬ ಉತ್ಸಾಹ. ಮೂರನೆಯ ಅಥವಾ ನಾಲ್ಕನೆಯ ದಿನ ಜಗಳ ಬರುತ್ತದೆ, ಅದಕ್ಕೆ ಸಿದ್ಧರಿರಿ. "ಇವತ್ತಿಂದು ನಾಲ್ಕೇ ನಿಮಿಷ ಇತ್ತು, ಅದಕ್ಕೆ ಮೂರು ಬೇಕು" ಎಂಬ ಚೌಕಾಸಿ. ಲೆಕ್ಕ ಒಪ್ಪುವಂಥದ್ದೇ. ಆದರೆ ಒಮ್ಮೆ ನಿಮಿಷದ ಲೆಕ್ಕಕ್ಕೆ ಇಳಿದರೆ ಮತ್ತೆ ಗಡಿಯಾರಕ್ಕೇ ಮರಳಿದಂತೆ. "ದಿನಕ್ಕೆ ಎರಡು. ಚಿಕ್ಕದು ಸಾಲಲಿಲ್ಲ ಅಂದರೆ ಭಾನುವಾರ ಪಟ್ಟಿ ಮಾಡುವಾಗ ಉದ್ದದ್ದು ಹುಡುಕೋಣ" ಎಂದು ಹೇಳಿ. ಮುಂದಿನ ಭಾನುವಾರ ಅದನ್ನು ನೆನಪಿಟ್ಟು ಹುಡುಕಿ. ಮಾತು ಉಳಿಸಿಕೊಂಡದ್ದನ್ನು ಮಗು ಕಂಡರೆ ಚೌಕಾಸಿಯ ಜಾಗ ದಿನದಿಂದ ವಾರಕ್ಕೆ ಸರಿಯುತ್ತದೆ.

ಶನಿವಾರ ಅರವಿಂದ ಗುಪ್ತ ಅವರ ಬೆಂಕಿಕಡ್ಡಿಯ ಆಟ. ಕಡ್ಡಿಗಳ ತುದಿಯ ಮದ್ದನ್ನು ಅಪ್ಪ ಕೆರೆದು ತೆಗೆಯಬೇಕು. ಸೈಕಲ್ ಅಂಗಡಿಯಲ್ಲಿ ಸಿಗುವ ವಾಲ್ವ್ ಟ್ಯೂಬನ್ನು ಬೆರಳಗಲದ ಚೂರುಗಳಾಗಿ ಕತ್ತರಿಸಬೇಕು. ಕಡ್ಡಿಗಳನ್ನು ಆ ರಬ್ಬರಿಗೆ ಸಿಕ್ಕಿಸಿ ಚೌಕ ಮಾಡಿದರೆ ಅದು ಅಲುಗಾಡಿ ವಾಲುತ್ತದೆ. ತ್ರಿಕೋನ ಮಾಡಿದರೆ ಗಟ್ಟಿಯಾಗಿ ನಿಲ್ಲುತ್ತದೆ. ವಿಡಿಯೊ ನೋಡಿದ್ದು ಎರಡು ನಿಮಿಷ, ಮಾಡಿದ್ದು ಒಂದು ಗಂಟೆ. ಸೇತುವೆಗಳಲ್ಲಿ, ಮೊಬೈಲ್ ಟವರಿನಲ್ಲಿ ಯಾಕೆ ಅಷ್ಟೊಂದು ತ್ರಿಕೋನ ಇರುತ್ತವೆ ಎಂದು ಮಗು ತಾನೇ ಕೇಳಿದರೆ ಆ ವಾರದ ಪಟ್ಟಿ ಗೆದ್ದಂತೆ.

ಎರಡನೆಯ ವಾರದ ಕೊನೆಗೆ ನೋಡಬೇಕಾದದ್ದು ನಿಮಿಷಗಳು ಎಷ್ಟು ಇಳಿದವು ಎಂದಲ್ಲ. ಮಗು ತಾನೇ ಪರದೆ ಆಫ್ ಮಾಡುತ್ತದೆಯೇ? ನೋಡಿದ್ದನ್ನು ಮರುದಿನವೂ ಹೇಳುತ್ತದೆಯೇ? ವಿಡಿಯೊ ಇಲ್ಲದ ಹೊತ್ತಿನಲ್ಲಿ ಬೇರೆ ಆಟ ಹುಡುಕಿಕೊಳ್ಳುತ್ತದೆಯೇ? ಮೂರಕ್ಕೂ ಹೌದು ಎಂದಾದರೆ ನಿಮ್ಮ ಮಿತಿ ಹಿಡಿದಿದೆ.

ಎಲ್ಲಿ ನಿಷೇಧವೇ ಬೇಕು

ಊಟದ ಹೊತ್ತು. ಪರದೆ ನೋಡುತ್ತ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ, ಅಲ್ಲದೆ ಎಲ್ಲರೂ ಒಟ್ಟಿಗೆ ಮಾತಾಡುವ ಹೊತ್ತು ಅದೊಂದೇ. ಮಲಗುವ ಮೊದಲ ಒಂದು ಗಂಟೆ, ಮಲಗುವ ಕೋಣೆ. ಈ ವಯಸ್ಸಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ಆರೂವರೆಗೆ ಎದ್ದು ಶಾಲೆಗೆ ಹೊರಡುವ ಮಗು ಒಂಬತ್ತರ ಸುಮಾರಿಗೆ ಮಲಗಿರಬೇಕು.

ಮೂರನೆಯದು ಶಾರ್ಟ್ಸ್. "ಸೈನ್ಸ್ ಫ್ಯಾಕ್ಟ್" ಎಂಬ ಹೆಸರಿನಲ್ಲಿ ಬರುವ ಶಾರ್ಟ್ಸ್ ಕೂಡ ಬೇಡ. ಅಲ್ಲಿ ಬೆರಳು ಸರಿಸಿದರೆ ಮುಂದಿನದು ಬರುತ್ತದೆ, ಕೊನೆ ಎಂಬುದೇ ಇಲ್ಲ. ನಾವು ಕಷ್ಟಪಟ್ಟು ಕಟ್ಟಿದ ಮುಕ್ತಾಯವನ್ನು ಅದು ಐದು ನಿಮಿಷದಲ್ಲಿ ಕೆಡವುತ್ತದೆ. ಈ ಮೂರರಲ್ಲಿ ರಿಯಾಯಿತಿ ಬೇಡ. ನಿಯಮ ಮೂರೇ ಇದ್ದು ಮನೆಯವರೆಲ್ಲರಿಗೂ ಒಂದೇ ಆಗಿದ್ದರೆ ಮಗು ಇದನ್ನು ಶಿಕ್ಷೆ ಎಂದುಕೊಳ್ಳುವುದಿಲ್ಲ. ಅಪ್ಪ ಊಟದ ಎಲೆಯ ಪಕ್ಕ ಫೋನ್ ಇಟ್ಟುಕೊಂಡರೆ ನಿಯಮ ಅಲ್ಲೇ ಮುಗಿಯಿತು.

ಸಾಮಾನ್ಯವಾಗಿ ಆಗುವ ತಪ್ಪುಗಳು

ವಿಡಿಯೊವನ್ನು ಬಹುಮಾನ ಮಾಡುವುದು ದೊಡ್ಡ ತಪ್ಪು. "ಹೋಂವರ್ಕ್ ಮುಗಿಸಿದರೆ ಇನ್ನೊಂದು ವಿಡಿಯೊ" ಎಂದ ದಿನದಿಂದ ಹೋಂವರ್ಕ್ ಕಹಿ ಔಷಧಿಯಾಗುತ್ತದೆ, ವಿಡಿಯೊಗೆ ಇಲ್ಲದ ಬೆಲೆ ಬರುತ್ತದೆ. ತಪ್ಪು ಮಾಡಿದ್ದಕ್ಕೆ ಆ ದಿನದ ವಿಡಿಯೊ ಕಿತ್ತುಕೊಳ್ಳುವುದೂ ಇದೇ ಜಾತಿಯದು. ಎರಡು ಎಂದರೆ ಎರಡು, ಜಾಣ ದಿನವೂ ತುಂಟ ದಿನವೂ.

ಶಾಲೆಯ ಕೆಲಸದ ವಿಡಿಯೊವನ್ನು ಈ ಎರಡರಲ್ಲಿ ಸೇರಿಸುವುದು ಇನ್ನೊಂದು. ಅದು ಮಗುವಿನ ಆಯ್ಕೆಯಲ್ಲ. ಬೇರೆ ಇರಲಿ, ಆದರೆ ಒಟ್ಟು ಹೊತ್ತು ಗಮನದಲ್ಲಿರಲಿ.

ವಾರವಿಡೀ ಬಂದ್, ಶನಿವಾರ ಭಾನುವಾರ ಬಯಲು ಎಂಬ ಪದ್ಧತಿಯೂ ಹಲವು ಮನೆಗಳಲ್ಲಿದೆ. ವಾರದ ಕೊನೆಯಲ್ಲೂ ಎಣಿಕೆ ಇದ್ದರೆ ಅದರಲ್ಲಿ ತೊಂದರೆಯಿಲ್ಲ. ಎಣಿಕೆಯಿಲ್ಲದಿದ್ದರೆ ಐದು ದಿನದ ಹಸಿವನ್ನು ಒಂದೇ ಬೆಳಿಗ್ಗೆ ತೀರಿಸಿಕೊಳ್ಳುತ್ತಾರೆ. ಬೇಸಿಗೆ ರಜೆಯಲ್ಲಿ ಎರಡನ್ನು ಮೂರು ಮಾಡಬಹುದು, ರಜೆ ಶುರುವಾಗುವ ಮೊದಲೇ ಹೇಳಿ, ಮುಗಿಯುವ ದಿನವನ್ನೂ ಗೊತ್ತುಮಾಡಿ.

ಎಚ್ಚರಿಕೆಯಿಂದ ನೋಡಬೇಕಾದದ್ದು

ಕಣ್ಣಿನ ವಿಷಯದಲ್ಲಿ ಪರದೆಯ ನಿಮಿಷಗಳಷ್ಟೇ ಅಲ್ಲ, ಹೊರಗಿನ ಬೆಳಕೂ ಮುಖ್ಯ. ಚೀನಾದ ಗ್ವಾಂಗ್ಝೌ ನಗರದ ಶಾಲೆಗಳಲ್ಲಿ ಆರು ವರ್ಷದ ಮಕ್ಕಳಿಗೆ ದಿನವೂ ನಲವತ್ತು ನಿಮಿಷ ಹೆಚ್ಚುವರಿ ಹೊರಾಂಗಣ ತರಗತಿ ಕೊಟ್ಟು ಮೂರು ವರ್ಷ ಗಮನಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೊರಗೆ ಹೋದ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಶೇಕಡ 30.4, ಎಂದಿನಂತಿದ್ದವರಲ್ಲಿ ಶೇಕಡ 39.5. ಆದ್ದರಿಂದಲೇ ಮೇಲಿನ ಕ್ರಮದಲ್ಲಿ ಆಟ ಮೊದಲು, ವಿಡಿಯೊ ಆಮೇಲೆ. ಮಗು ಕಣ್ಣು ಕಿರಿದು ಮಾಡಿ ಬೋರ್ಡ್ ನೋಡುವುದು, ಟಿವಿಯ ಹತ್ತಿರ ಹತ್ತಿರ ಸರಿಯುವುದು ಕಂಡರೆ ಮಿತಿಯ ಚರ್ಚೆ ಆಮೇಲೆ, ಮೊದಲು ಕಣ್ಣಿನ ಪರೀಕ್ಷೆ.

ಮಗು ಕದ್ದು ನೋಡಲು ರಾತ್ರಿ ಏಳುವುದು, ಪಾಸ್‌ವರ್ಡ್ ಕದಿಯುವುದು, ಗೆಳೆಯರ ಜೊತೆಗಿನ ಆಟವನ್ನೇ ಬಿಡುವುದು, ಫೋನ್ ತೆಗೆದರೆ ಹೊಡೆಯುವುದು, ಇಂಥವು ವಾರಗಟ್ಟಲೆ ನಡೆದರೆ ಆಗ ಮಿತಿ ಸಾಲದು. ಎರಡು ವಾರ ಪೂರ್ತಿ ಬಿಡುವು ಕೊಡಿ. ಅದಕ್ಕೆ ಕೊನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಮಗುವಿಗೆ ತೋರಿಸಿ, ಆ ಹೊತ್ತಿಗೆ ಬೇರೆ ಆಟ, ಬೇರೆ ಜೊತೆ ಕಟ್ಟಿಕೊಡಿ, ಆಮೇಲೆ ದಿನಕ್ಕೆ ಒಂದರಿಂದ ಮತ್ತೆ ಆರಂಭಿಸಿ. ಹಾಗೆ ಮಾಡಿದರೂ ಬದಲಾಗದಿದ್ದರೆ ನೆರವು ಕೇಳಲು ತಡ ಮಾಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಅಷ್ಟು ದೂರ ಬರಲಾಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಸೇವೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.